ಮಾತಿಗೆ ಮುಂಚೆ ಕಡತ

ಪಿಎಚ್‌ಡಿ ಜೊತೆಗೆ ನಾನು ಅನುವಾದದ ಬಿಡಿ ಕೆಲಸ ಮಾಡುತ್ತೇನೆ. ಚಿಗಟೇರಿಯ ಮನೆಯಲ್ಲಿ ಕೂತು ಬೆಂಗಳೂರಿನವರ ಇಂಗ್ಲಿಷ್ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು. ಹಣ ಪದಕ್ಕಿಷ್ಟು ಎಂದು. ಹಾಗಾಗಿ ಫೋನು, ಕಾಯುವುದು, ಮತ್ತೆ ಮತ್ತೆ ತಿದ್ದುವುದು ಇವಕ್ಕೆ ಹೋಗುವ ಹೊತ್ತಿಗೆ ಕಾಸಿಲ್ಲ. ಅದು ನನ್ನ ಮಹಾಪ್ರಬಂಧದ ಹೊತ್ತು. ಅದು ಉಳಿಯುವುದೋ ಇಲ್ಲವೋ ಎಂಬುದು ಹೊಸಬರನ್ನು ಮೊದಲ ಮಾತುಕತೆಗೆ ಕರೆಯುವ ಪತ್ರದಲ್ಲೇ ಬಹುಪಾಲು ತೀರ್ಮಾನವಾಗುತ್ತದೆ.

ಒಂದು ಸಂಸ್ಥೆ ಮೆಕ್ಕೆಜೋಳದ ರೈತರಿಗೆಂದು 24 ಪುಟದ ಕೈಪಿಡಿ ಒಪ್ಪಿಸಿದಾಗ ನಾನು ಹೀಗೆ ಬರೆದೆ:

"ನಮಸ್ಕಾರ ಮೇಡಂ. ಗುರುವಾರ ಬೆಳಿಗ್ಗೆ 11ಕ್ಕೆ ಅಥವಾ ಶುಕ್ರವಾರ ಸಂಜೆ 4ಕ್ಕೆ ಅರ್ಧ ಗಂಟೆ ಮಾತಾಡಬಹುದೇ? ಬುಧವಾರ ಸಂಜೆಯೊಳಗೆ ನಾಲ್ಕು ಸಂಗತಿ ಕಳಿಸಿಕೊಡಿ. ಇಂಗ್ಲಿಷಿನ ಅಂತಿಮ ವರ್ಡ್ ಫೈಲು. ಹಿಂದೆ ಕನ್ನಡದಲ್ಲಿ ನೀವು ತಂದ ಪುಸ್ತಿಕೆ. ಕೈಪಿಡಿ ಹೋಗುವ ತಾಲ್ಲೂಕುಗಳ ಹೆಸರು. ಕನ್ನಡವನ್ನು ಓದಿ ಒಪ್ಪಿಗೆ ಕೊಡುವವರು ಯಾರು ಎಂಬುದು. ಯಾವುದಾದರೂ ಇಲ್ಲದಿದ್ದರೆ 'ಇಲ್ಲ' ಎಂದು ಬರೆದರೂ ಸಾಕು."

ಎರಡೇ ಸಮಯ ಕೊಟ್ಟಿದ್ದಕ್ಕೆ ಕಾರಣವಿದೆ. 'ನಿಮಗೆ ಯಾವಾಗ ಅನುಕೂಲ' ಎಂದು ಕೇಳಿದರೆ ಉತ್ತರಕ್ಕೆ ಮೂರು ದಿನ ಬೇಕು. ವರ್ಡ್ ಫೈಲು ಕೇಳಿದ್ದು, ಸ್ಕ್ಯಾನ್ ಮಾಡಿದ ಪುಟಗಳಲ್ಲಿ ಪದ ಎಣಿಸಲಾಗದು ಎಂದು. ಎಣಿಕೆಯಿಲ್ಲದೆ ದರದ ಮಾತಿಲ್ಲ.

ಬುಧವಾರ ಬಂದ ಹಳೆಯ ಪುಸ್ತಿಕೆಯ ಫೈಲು ತೆರೆದರೆ 'ಕನ್ನಡ' ಇರಬೇಕಾದ ಕಡೆ `PÀ£ÀßqÀ` ಎಂದಿತ್ತು. ಅಂದರೆ ಅದು ಯೂನಿಕೋಡ್ ಅಲ್ಲ, ಹಳೆಯ ನುಡಿ ಫಾಂಟಿನದು. ಮುದ್ರಣದವರು ಇನ್ನೂ ಅದರಲ್ಲೇ ಪುಟ ಕಟ್ಟುತ್ತಿದ್ದರೆ ನನ್ನ ಯೂನಿಕೋಡ್ ಪಠ್ಯವನ್ನು ಪರಿವರ್ತಿಸಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ ಕೆಡಬಹುದು, ಕರಡು ಇನ್ನೊಮ್ಮೆ ನೋಡಬೇಕು. ಆ ಕೆಲಸ ಯಾರದು, ಅದಕ್ಕೆಷ್ಟು ಎಂಬ ಪ್ರಶ್ನೆ ಮಾತುಕತೆಗೆ ಮೊದಲೇ ನನ್ನ ಕೈಲಿತ್ತು.

ತಾಲ್ಲೂಕುಗಳ ಪಟ್ಟಿಯಲ್ಲಿ ಹರಪನಹಳ್ಳಿಯ ಜೊತೆ ರಾಣೆಬೆನ್ನೂರೂ ಇತ್ತು. ನಮ್ಮ ಕಡೆ ಮೆಕ್ಕೆಜೋಳ ಅನ್ನುವುದಕ್ಕೆ ಹಾವೇರಿ, ಧಾರವಾಡದ ಕಡೆ ಗೋವಿನಜೋಳ ಅನ್ನುತ್ತಾರೆ. ಗುರುವಾರದ ಮಾತಿನಲ್ಲಿ ಇದು ಎರಡು ನಿಮಿಷಕ್ಕೆ ಇತ್ಯರ್ಥವಾಯಿತು: ಪ್ರತಿ ಅಧ್ಯಾಯದ ಮೊದಲಲ್ಲಿ ಎರಡೂ, ಆಮೇಲೆ ಮೆಕ್ಕೆಜೋಳ. ಅನುವಾದ ಮುಗಿದ ಮೇಲೆ ಎದ್ದಿದ್ದರೆ 24 ಪುಟ ತಡಕಬೇಕಿತ್ತು.

ನಾಲ್ಕನೆಯ ಪ್ರಶ್ನೆಗೆ ಅವರು 'ಇಲ್ಲ' ಎಂದು ಬರೆದಿದ್ದರು. ಅದೇ ಎಲ್ಲಕ್ಕಿಂತ ಉಪಯೋಗದ ಉತ್ತರ. ಒಪ್ಪುವವರು ಒಬ್ಬರಿಲ್ಲದ ಕಡೆ ಮೂವರು ಮೂರು ಬಗೆಯಾಗಿ ತಿದ್ದುತ್ತಾರೆ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೊಡೆದುಹಾಕುತ್ತಾರೆ. ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಅದಕ್ಕೇ ಇಟ್ಟೆ. ಕೊನೆಗೆ ಅವರ ಕೃಷಿ ಅಧಿಕಾರಿಯೊಬ್ಬರೇ ನೋಡುವುದು, ತಿದ್ದುಪಡಿ ಎರಡು ಸುತ್ತು ಮಾತ್ರ ಎಂದಾಯಿತು. ಅಂದು ಸಂಜೆಯೇ ಅದನ್ನು ಬರೆದು ಕಳಿಸಿದೆ.

ಬುಧವಾರ ಏನೂ ಬರದಿದ್ದರೆ? ಕಾಲ್ ರದ್ದು ಮಾಡುವುದಿಲ್ಲ, ಎರಡನೆಯ ಸಮಯಕ್ಕೆ ದೂಡುತ್ತೇನೆ. ಆಗಲೂ ಬರದಿದ್ದರೆ ಮೂಲವೇ ಇನ್ನೂ ಸಿದ್ಧವಿಲ್ಲವೆಂದು ಬಹುಮಟ್ಟಿಗೆ ತಿಳಿಯಬಹುದು. ಆ ವಾರ ಅಧ್ಯಾಯಕ್ಕೆ ಕೊಡುತ್ತೇನೆ. ಒಂದೆರಡು ಪುಟದ ಕರಪತ್ರಕ್ಕೆ ಮಾತ್ರ ಇಷ್ಟೆಲ್ಲ ಕೇಳುವುದಿಲ್ಲ. ಅಲ್ಲಿ ಪ್ರಶ್ನೆಗಳೇ ಕೆಲಸಕ್ಕಿಂತ ಉದ್ದವಾಗುತ್ತವೆ, ಒಂದು ಫೋನು ಸಾಕು.