ಲಿಂಕ್ ಎಲ್ಲಿ ಬೇಕಾದ್ರೂ ಸುತ್ತಲಿ, ಬಾಗಿಲು ನಮ್ಮ ಕೈಲಿರಲಿ (ಭಾಗ 3)

ಹೋದ ಪೋಸ್ಟ್ ಓದಿ ತುಂಬ ಜನ ಒಂದೇ ಪ್ರಶ್ನೆ ಕೇಳಿದ್ರಿ: "ಮೀಟಿಂಗ್‌ಗೆ ಪಾಸ್‌ವರ್ಡ್ ಇದೆಯಲ್ಲ, ಮತ್ತೆ ಯಾಕೆ ಭಯ?" ಅಲ್ಲಿಂದಲೇ ಶುರು ಮಾಡ್ತೀನಿ.

ಜೂಮ್‌ನಲ್ಲಿ ಕಾಪಿ ಮಾಡಿ ಕಳಿಸೋ ಲಿಂಕ್ ಇದೆಯಲ್ಲ, ಅದರ ಕೊನೆಯಲ್ಲಿ `pwd=` ಅಂತ ಒಂದು ಉದ್ದ ಬಾಲ ಇರುತ್ತೆ, ನೋಡಿ. ಪಾಸ್‌ವರ್ಡ್ ಅದರೊಳಗೇ ಇದೆ. ಅಂದ್ರೆ ಲಿಂಕ್ ಸಿಕ್ಕವರಿಗೆ ಬೀಗದ ಜೊತೆ ಕೀನೂ ಸಿಕ್ಕ ಹಾಗೆ. ಕ್ಲಾಸಿನ ವಾಟ್ಸಾಪ್ ಗ್ರೂಪಿಂದ ಒಬ್ಬ ಹುಡುಗ ತಮಾಷೆಗೆ ಇನ್ನೊಂದು ಗ್ರೂಪಿಗೆ ಹಾಕಿದ್ರೆ ಮುಗೀತು. ನಮ್ಮ ಸಂಬಂಧಿಕರ ಹುಡುಗಿ ಓದ್ತಿದ್ದ ಒಂದು ಶಾಲೇಲಿ ಹಾಗೇ ಆಗಿ, ಯಾರೋ ಒಳಗೆ ಬಂದು ಗಲೀಜು ವಿಡಿಯೋ ಶೇರ್ ಮಾಡಿದ್ರು. ಅವಳ ಅಪ್ಪ ಆಮೇಲೆ ಒಂದು ತಿಂಗಳು ಫೋನೇ ಕೊಡಲಿಲ್ಲ. ತಪ್ಪು ಯಾರದ್ದೋ, ಪಾಠ ತಪ್ಪಿದ್ದು ಅವಳಿಗೆ.

ಅದಕ್ಕೇ ನಮ್ಮ ಕಡೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಮೇಷ್ಟ್ರು ಭಾನುವಾರ ಆನ್‌ಲೈನ್ ರಿವಿಷನ್ ಮಾಡ್ತೀನಿ, ರೂಮ್ ನೀನೇ ರೆಡಿ ಮಾಡು ಅಂದಾಗ, ನಾನು ಮೊದಲು ಯೋಚಿಸಿದ್ದು ಬಾಗಿಲ ಬಗ್ಗೆ. 34 ಮಕ್ಕಳು. ದುಡ್ಡಿಲ್ಲದ ಅಕೌಂಟ್, ಅಂದ್ರೆ 40 ನಿಮಿಷಕ್ಕೆ ಮೀಟಿಂಗ್ ತಾನಾಗೇ ಕಟ್.

ಶೆಡ್ಯೂಲ್ ಮಾಡುವಾಗ `Generate Automatically` ಆರಿಸಿದೆ. ಇನ್ನೊಂದು ಆಯ್ಕೆ `Personal Meeting ID`, ಅದು ನಿಮ್ಮ ಕಾಯಂ ನಂಬರು. ಒಂದು ಸಲ ಹೊರಗೆ ಹೋದ್ರೆ ಯಾವಾಗ ಬೇಕಾದ್ರೂ ಬಂದು ಬಾಗಿಲು ಬಡೀತಾರೆ. ಆಮೇಲೆ `Waiting Room` ಆನ್. ಇದೇ ಜಗಲಿ. ಬಂದವರೆಲ್ಲ ಜಗಲಿ ಮೇಲೆ ಕೂರಬೇಕು, ಒಳಗಿನಿಂದ `Admit` ಒತ್ತಿದ್ರೆ ಮಾತ್ರ ಪ್ರವೇಶ. ಅಲ್ಲಿ ಕೂತವರಿಗೆ ಒಳಗಿನ ಮಾತು ಕೇಳಲ್ಲ, ಮುಖ ಕಾಣಲ್ಲ.

ಆದ್ರೆ ಜಗಲಿ ಮೇಲೆ ಕೂತವರು ಯಾರು ಅಂತ ಗೊತ್ತಾಗೋದು ಹೇಗೆ? ನಮ್ಮೂರಲ್ಲಿ ಮಕ್ಕಳ ಹತ್ರ ಸ್ವಂತ ಫೋನ್ ಕಮ್ಮಿ. ಮೊದಲ ಭಾನುವಾರ ನನಗೆ ಕಂಡ ಹೆಸರುಗಳು: ರೆಡ್‌ಮಿ, ಅಮ್ಮ, ಮಂಜಣ್ಣ ಟ್ರಾಕ್ಟರ್. ಎಲ್ಲರೂ ನಮ್ಮ ಮಕ್ಕಳೇ, ಫೋನ್ ಮಾತ್ರ ಮನೆಯವರದ್ದು. ಎರಡನೇ ವಾರದಿಂದ ಗ್ರೂಪಲ್ಲಿ ಹಿಂದಿನ ದಿನವೇ ಹೇಳಿದ್ವಿ: ಸೇರುವಾಗ ರೋಲ್ ನಂಬರ್ ಮೊದಲು, ಹೆಸರು ಆಮೇಲೆ. ನನ್ನ ಮುಂದೆ ಹಾಜರಿ ಪಟ್ಟಿ ಇಟ್ಕೊಂಡು ಒಬ್ಬೊಬ್ಬರನ್ನೇ ಒಳಗೆ ಬಿಡೋದು. `Admit all` ಅನ್ನೋ ಬಟನ್ ಕಣ್ಣಿಗೆ ಕಾಣುತ್ತೆ, ಅವಸರದಲ್ಲಿ ಕೈನೂ ಹೋಗುತ್ತೆ. ಅದನ್ನ ಒತ್ತೋದಾದ್ರೆ ಜಗಲಿ ಯಾಕೆ ಕಟ್ಟಿಸಬೇಕು ಹೇಳಿ.

ಹೆಸರನ್ನ ಯಾರು ಏನು ಬೇಕಾದ್ರೂ ಟೈಪ್ ಮಾಡಬಹುದು, ಅದೂ ನಿಜ. ಮೂರನೇ ವಾರ "17" ನಂಬರ್ ಎರಡು ಸಲ ಬಂತು. ಒಬ್ಬರು ಆಗಲೇ ಒಳಗಿದ್ರು, ಇನ್ನೊಬ್ಬರು ಜಗಲಿಯಲ್ಲಿ. ಮೇಷ್ಟ್ರು ಒಳಗಿರೋ ಹುಡುಗಿಗೆ ಮಾತಾಡಮ್ಮಾ ಅಂದ್ರು, ದನಿ ಅವಳದ್ದೇ. ಹಾಗಾದ್ರೆ ಹೊರಗಿರೋರು? ಮೇಷ್ಟ್ರು ಅವಳ ಅಪ್ಪನಿಗೆ ಫೋನ್ ಮಾಡಿದ್ರು. ಮನೇಲಿ ಇನ್ನೊಂದು ಫೋನೇ ಇಲ್ಲ ಅಂದ್ರು. ನಾವು ಬಿಡಲಿಲ್ಲ. ನಾಲ್ಕೈದು ನಿಮಿಷ ಕೂತು ಎದ್ದು ಹೋಯ್ತು ಆ ಹೆಸರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಮುಂದಿನ ವಾರಕ್ಕೆ ಹೊಸ ಲಿಂಕ್ ಮಾಡಿದ್ವಿ, ಅಷ್ಟೇ.

2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಜೂಮ್ ಬಳಸೋರಿಗೆ ಅಂತ ಒಂದು ಸೂಚನೆ ಹೊರಡಿಸಿತ್ತು. ಹೆಚ್ಚು ಕಮ್ಮಿ ಇದೇ ಮಾತು: ಪ್ರತಿ ಸಲ ಹೊಸ ಐಡಿ, ವೇಟಿಂಗ್ ರೂಮ್, ಸ್ಕ್ರೀನ್ ಶೇರ್ ಹೋಸ್ಟ್‌ಗೆ ಮಾತ್ರ. ಎಲ್ಲರೂ ಬಂದ ಮೇಲೆ ಮೀಟಿಂಗ್ ಲಾಕ್ ಮಾಡಿ ಅಂತಲೂ ಇತ್ತು. ಆಫೀಸಿಗೆ ಅದು ಸರಿ. ನಮ್ಮ ಕಡೆ ಕರೆಂಟ್ ಹೋಗುತ್ತೆ, ನೆಟ್‌ವರ್ಕ್ ಬೀಳುತ್ತೆ. ಲಾಕ್ ಮಾಡಿದ್ರೆ ಬಿದ್ದ ಮಗು ವಾಪಸ್ ಬರೋ ಹಾಗೇ ಇಲ್ಲ. ನಾನು ಲಾಕ್ ಮಾಡಲ್ಲ. ಬಿದ್ದವರು ಮತ್ತೆ ಜಗಲಿಗೇ ಬರ್ತಾರೆ, ಅಲ್ಲಿ ಕಣ್ಣಿಟ್ಟಿರಬೇಕು.

ಪಾಠ ಮಾಡ್ತಾ ಮೇಷ್ಟ್ರಿಗೆ ಅದು ಆಗದ ಕೆಲಸ. ಅದಕ್ಕೇ ಹೋಸ್ಟ್ ನಾನು, ನನ್ನ ಲ್ಯಾಪ್‌ಟಾಪು. ಶೇರ್ ಬಟನ್ ಪಕ್ಕದ ಬಾಣದ ಗುರುತಲ್ಲಿ `Host Only` ಇಟ್ಟಿದ್ದೀನಿ. ಹಾಗಾದ್ರೆ ಮೇಷ್ಟ್ರೂ ಶೇರ್ ಮಾಡೋಕಾಗಲ್ಲವಲ್ಲ? ಆಗಲ್ಲ. ಚಿತ್ರಗಳನ್ನ ನಾನು ಹಾಕ್ತೀನಿ, ಅವರು "ಮುಂದಿಂದು ಹಾಕಪ್ಪಾ" ಅಂತಾರೆ. ಹೊಯ್ಸಳರ ಪಾಠಕ್ಕೆ ನಮ್ಮ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪಗಳ ಫೋಟೋ ಹಾಕಿದಾಗ ಮಕ್ಕಳು ಮ್ಯೂಟ್ ತೆಗೆದು ಕೂಗಿದ್ದೇ ಕೂಗಿದ್ದು, ಅಲ್ಲೇ ದಿನಾ ಓಡಾಡೋರು ಪಾಪ.

ಶೇರ್ ಮಾಡುವಾಗ ಪೂರ್ತಿ ಡೆಸ್ಕ್‌ಟಾಪ್ ಬೇಡ, ಚಿತ್ರ ತೆರೆದಿರೋ ಆ ಒಂದು ವಿಂಡೋ ಆರಿಸಿ. ಇಲ್ಲಾಂದ್ರೆ ನಿಮಗೆ ಬಂದ ವಾಟ್ಸಾಪ್ ಮೆಸೇಜನ್ನ 34 ಮನೆಯವರು ಓದ್ತಾರೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: `Host Only` ಇದ್ರೂ ಮಕ್ಕಳು ನಿಮ್ಮ ಶೇರ್ ಆದ ಚಿತ್ರದ ಮೇಲೆ ಗೀಚಬಹುದು! ಅದು ಬೇರೆ ಸೆಟ್ಟಿಂಗ್, ಹೆಸರು `Annotation`. ಜೂಮ್ ವೆಬ್‌ಸೈಟಿನ ಸೆಟ್ಟಿಂಗ್ಸಲ್ಲಿ ಅದನ್ನ ಆಫ್ ಮಾಡಬೇಕು.

ಮಕ್ಕಳು ಉತ್ತರ ತೋರಿಸಬೇಕಾದ್ರೆ ನೋಟ್‌ಬುಕ್ಕನ್ನೇ ಕ್ಯಾಮೆರಾಗೆ ಹಿಡೀತಾರೆ. ತಮಗೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕಾಣುತ್ತೆ ಅಂತ ಕೆಲವರು ಪುಸ್ತಕ ತಿರುಗಿಸಿ ಒದ್ದಾಡ್ತಾರೆ. ನಮಗೆ ಸರಿಯಾಗೇ ಕಾಣುತ್ತೆ ಕಣ್ರೋ, ಹಾಗೇ ಹಿಡೀರಿ.

ಈಗ ರೆಕಾರ್ಡಿಂಗ್. ಇದರ ಬಗ್ಗೆ ನಾನು ಸ್ವಲ್ಪ ಹಠಮಾರಿ. ತಪ್ಪಿಸಿಕೊಂಡ ಮಕ್ಕಳಿಗೆ ಬೇಕಾಗಿರೋದು ಪಾಠ, ಪಕ್ಕದ ಬೆಂಚಿನ ಹುಡುಗಿಯ ಮುಖ, ಅವಳ ಮನೆಯ ಗೋಡೆ ಅಲ್ಲ. ಜೂಮ್ ಆ್ಯಪ್‌ನ ಸೆಟ್ಟಿಂಗ್ಸಲ್ಲಿ `Recording` ಒಳಗೆ `Record video during screen sharing` ಅಂತ ಒಂದು ಗುರುತಿದೆ. ಅದನ್ನ ತೆಗೆದ್ರೆ ಶೇರ್ ಆಗಿರೋ ಚಿತ್ರ ಮತ್ತು ಧ್ವನಿ ಮಾತ್ರ ಫೈಲಿಗೆ ಹೋಗುತ್ತೆ, ಮುಖಗಳ ಪಟ್ಟಿ ಹೋಗಲ್ಲ. ಹಾಗಾಗಿ ಮೊದಲು ಶೇರ್, ಆಮೇಲೆ ರೆಕಾರ್ಡ್. ಶೇರ್ ನಿಲ್ಲಿಸೋ ಮುಂಚೆ ರೆಕಾರ್ಡ್ ಪಾಸ್. ಶೇರ್ ಇಲ್ಲದಾಗ ರೆಕಾರ್ಡ್ ಓಡ್ತಿದ್ರೆ ಮುಖಗಳೇ ಬೀಳೋದು. ಡೌಟ್ ಕೇಳೋ ಸಮಯ ಪೂರ್ತಿ ಪಾಸ್‌ನಲ್ಲೇ. ತಪ್ಪು ಉತ್ತರ ಹೇಳಿದ್ದು ಫೈಲಾಗಿ ಉಳಿಯುತ್ತೆ ಅಂದ್ರೆ ಯಾವ ಮಗು ಬಾಯಿ ಬಿಡುತ್ತೆ?

ದುಡ್ಡಿಲ್ಲದ ಅಕೌಂಟಲ್ಲಿ ರೆಕಾರ್ಡ್ ಕಂಪ್ಯೂಟರಲ್ಲಿ ಮಾತ್ರ ಆಗುತ್ತೆ, ಫೋನಲ್ಲಿ ಆಗಲ್ಲ. ಮೀಟಿಂಗ್ ಮುಗಿದ ಮೇಲೆ ಫೈಲ್ ಕನ್ವರ್ಟ್ ಆಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ. ಆಗ ಲ್ಯಾಪ್‌ಟಾಪ್ ಆಫ್ ಆಗಿಬಿಟ್ರೆ ಫೋಲ್ಡರಲ್ಲಿ mp4 ಬದಲು ಈ ಥರದ್ದು ಕಾಣುತ್ತೆ:

```
double_click_to_convert_01.zoom
```

ಗಾಬರಿ ಬೇಡ, ಹೆಸರೇ ಹೇಳೋ ಹಾಗೆ ಡಬಲ್ ಕ್ಲಿಕ್ ಮಾಡಿ. ಅದೇ ಫೋಲ್ಡರಲ್ಲಿ ಧ್ವನಿ ಮಾತ್ರ ಇರೋ m4a ಫೈಲೂ ಇರುತ್ತೆ. ಡೇಟಾ ಕಮ್ಮಿ ಇರೋರಿಗೆ ನಾವು ಅದನ್ನೇ ಕಳಿಸೋದು.

ಇಷ್ಟೆಲ್ಲ ಮಾಡಿದ್ರೂ ಒಳಗಿರೋ ಹುಡುಗ ತನ್ನ ಫೋನಿನ ಸ್ಕ್ರೀನ್ ರೆಕಾರ್ಡರ್ ಒತ್ತಿದ್ರೆ ಜೂಮ್‌ಗೆ ಅದನ್ನ ತಡೆಯೋಕಾಗಲ್ಲ. ಅದಕ್ಕೇ ಕ್ಯಾಮೆರಾ ಆಫ್ ಇಡ್ತೀನಿ ಅನ್ನೋ ಹುಡುಗೀರಿಗೆ ಮೇಷ್ಟ್ರು ಯಾಕಮ್ಮಾ ಅಂತ ಕೇಳಲ್ಲ. ಪಟ್ಟಿ ನೋಡಿ ಬಿಟ್ಟಾಗಿದೆ, ಹೆಸರು ಕರೆದಾಗ ದನಿ ಬಂದ್ರೆ ಹಾಜರಿ.

35ನೇ ನಿಮಿಷಕ್ಕೆ ನಾನು ಚಾಟಲ್ಲಿ "ಐದೇ ನಿಮಿಷ ಮೇಷ್ಟ್ರೇ" ಅಂತ ಹಾಕ್ತೀನಿ. ಪಾಠ ಉಳಿದ್ರೆ ಮತ್ತೆ ಅದೇ ಲಿಂಕಿಗೆ ಬರ್ತಾರೆ, ಮತ್ತೆ ಜಗಲಿ, ಮತ್ತೆ ಪಟ್ಟಿ. ಪೂರ್ತಿ ಮುಗಿದಾಗ `End Meeting for All`. ಬರೀ `Leave` ಅಂದ್ರೆ ಹೋಸ್ಟ್ ಪಟ್ಟ ಬೇರೆಯವರಿಗೆ ಹೋಗಿ ರೂಮ್ ಹಾಗೇ ತೆರೆದಿರುತ್ತೆ.

ನಾಲ್ಕನೇ ಭಾಗದಲ್ಲಿ ಇದನ್ನೇ ಗೂಗಲ್ ಮೀಟ್‌ನಲ್ಲಿ ಮಾಡೋದು ಹೇಗೆ ಅಂತ ಬರೀತೀನಿ. ನಿಮ್ಮ ಕ್ಲಾಸಲ್ಲಿ ಬಾಗಿಲು ಕಾಯೋರು ಯಾರು? ಕಮೆಂಟಲ್ಲಿ ಹಾಕಿ. ಮೀಟಿಂಗ್ ಲಿಂಕ್ ಮಾತ್ರ ಹಾಕಬೇಡಿ ಮಾರಾಯ್ರೆ 🙏

#ಜಿನನಾಥಪುರ #ಚನ್ನರಾಯಪಟ್ಟಣ #ಆನ್‌ಲೈನ್‌ಕ್ಲಾಸ್