ಪಡುವಣ ಕೋಣೆಗೆ ಪರದೆ

ಏಪ್ರಿಲ್ ತಿಂಗಳು, ಕಲಬುರಗಿ, ಸಂಜೆ ಐದು ಗಂಟೆ. ಪಡುವಣ ದಿಕ್ಕಿನ ಕೋಣೆಯ ಬಾಗಿಲು ತೆಗೆದು ಒಳಗೆ ಕಾಲಿಡುತ್ತೀರಿ. ಫ್ಯಾನು ಬಿಸಿ ಗಾಳಿಯನ್ನೇ ತಿರುವಿ ತಿರುವಿ ಮುಖಕ್ಕೆ ಎರಚುತ್ತಿದೆ. ಕಿಟಕಿಯ ಮೇಲೆ ಎರಡಡಿ ಸಜ್ಜಾ ಇದೆ ನಿಜ, ಆದರೆ ಸೂರ್ಯ ಅದರ ಕೆಳಗಿಳಿದಾಗಿದೆ. ನಾಲ್ಕಡಿ ಎತ್ತರದ ಗಾಜಿನಲ್ಲಿ ಅದರ ನೆರಳು ಮೇಲಿನ ಒಂದಡಿಗೂ ಸಾಲುತ್ತಿಲ್ಲ. ಉಳಿದ ಬಿಸಿಲೆಲ್ಲ ಹಾಸಿಗೆಯ ಮೇಲೆ.

ಈಗಿರುವ ಕಡುಗಂದು ಪರದೆಯನ್ನು ಪೂರ್ತಿ ಎಳೆಯಿರಿ. ಕೋಣೆ ಕತ್ತಲಾಯಿತು. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯ ಮೇಲೆ ಅಂಗೈ ಇಟ್ಟರೆ, ಈಗಷ್ಟೇ ಇಸ್ತ್ರಿಯಾದ ಅಂಗಿಯ ಹಾಗೆ ಬಿಸಿ. ಬಿಸಿಲು ಗಾಜು ದಾಟಿ ಒಳಗೆ ಬಂದು ಬಟ್ಟೆಗೆ ಬಡಿದಿದೆ, ಗಾಢ ಬಣ್ಣ ಅದನ್ನು ಹೀರಿದೆ. ಕಾದ ಬಟ್ಟೆ ಸೂಸುವ ಶಾಖಕ್ಕೆ ಗಾಜು ದಾರಿ ಬಿಡುವುದಿಲ್ಲ. ಅದು ಕೋಣೆಯಲ್ಲೇ ಉಳಿಯುತ್ತದೆ. ಕಣ್ಣಿಗೆ ತಂಪು, ಮೈಗೆ ಸೆಕೆ. ಬೆಳಕು ತಡೆಯುವುದು ಬೇರೆ, ಬಿಸಿ ತಡೆಯುವುದು ಬೇರೆ.

ಅಳತೆ ಬರೆದುಕೊಂಡು ಅಂಗಡಿಗೆ ನಡೆಯಿರಿ. ಗಾದಿಯ ಮೇಲೆ ಕೂತ ಅಂಗಡಿಯವರು ಥಾನು ಉರುಳಿಸುತ್ತಾರೆ. “ಇದು ಪೂರಾ ಬ್ಲ್ಯಾಕ್‌ಔಟ್ ಐತ್ರಿ ಅಕ್ಕಾರ, ಒಂದು ಹನಿ ಬೆಳಕು ಬರಂಗಿಲ್ಲ.” ಮಾತಿಗೆ ತಲೆಯಾಡಿಸಬೇಡಿ. ಮೊಬೈಲಿನ ಟಾರ್ಚ್ ಹಚ್ಚಿ ಬಟ್ಟೆಯ ಹಿಂದೆ ಒತ್ತಿ ಹಿಡಿಯಿರಿ. ಒಂದು ಬಟ್ಟೆಯಲ್ಲಿ ಸೂಜಿಮೊನೆಯಂಥ ಚುಕ್ಕಿಗಳು ಮಿನುಗುತ್ತವೆ: ನಡುವೆ ಕಪ್ಪು ನೂಲು ಹಾಕಿ ನೇಯ್ದದ್ದು ಅದು, ಬಹುಪಾಲು ಬೆಳಕು ತಡೆದರೂ ಪೂರ್ತಿಯಲ್ಲ. ಇನ್ನೊಂದರಲ್ಲಿ ಏನೂ ಕಾಣದು. ತಿರುಗಿಸಿ ಸವರಿ, ಬೆನ್ನು ರಬ್ಬರಿನಂತೆ ನುಣುಪು. ಲೇಪ ಬಳಿದ ಬಟ್ಟೆ. ಆ ಬೆನ್ನು ಬಿಳಿಯಿದ್ದರೆ ನಿಮಗೆ ಬೇಕಾದದ್ದು ಸಿಕ್ಕಿತು. ಗಾಜಿನ ಕಡೆ ಮುಖ ಮಾಡಿದ ಬಿಳಿ, ಬಿಸಿಲಿನ ಒಂದಷ್ಟನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತದೆ. ಕೋಣೆಯ ಕಡೆಗೆ ಯಾವ ಬಣ್ಣವಾದರೂ ಇರಲಿ.

“ತೊಳೆಯೋದು ಹೆಂಗ್ರೀ?” ಎಂದು ಕೇಳಿ. ಅಂಗಡಿಯವರು ಕೊಂಚ ತಡೆದು, “ಮಷೀನ್‌ದಾಗ ಬಿಸಿನೀರು ಹಾಕಬ್ಯಾಡ್ರಿ” ಎನ್ನುತ್ತಾರೆ. ಕಾರಣವಿದೆ. ಬಿಸಿನೀರು, ಜೋರು ಸ್ಪಿನ್, ಲೇಪದ ಮೇಲೆ ಇಸ್ತ್ರಿ, ಇವುಗಳಿಂದ ಬೆನ್ನು ಬಿರಿದು ಪುಡಿಯಾಗಿ ಉದುರತೊಡಗುತ್ತದೆ. ಆದರೆ ಈ ಊರಿನ ಧೂಳಿಗೆ ಪರದೆ ತೊಳೆಯದೆ ವಿಧಿಯಿಲ್ಲ. ಹಾಗಾಗಿ ಲೇಪದ ಬಟ್ಟೆಯನ್ನೂ ಮುಂದಿನ ಬಟ್ಟೆಯನ್ನೂ ಸೇರಿಸಿ ಹೊಲಿಸದೆ ಬೇರೆಬೇರೆ ರಾಡಿಗೆ ಹಾಕುವುದೇ ಜಾಣತನ: ಗಾಜಿನ ಕಡೆ ಬಿಳಿ ಬೆನ್ನಿನ ಲೈನಿಂಗ್, ಕೋಣೆಯ ಕಡೆ ಮಾಮೂಲಿ ಬಟ್ಟೆ. ಮುಂದಿನದು ಆಗಾಗ ತೊಳೆಯಲಿಕ್ಕೆ. ಹಿಂದಿನದನ್ನು ಬ್ರಷ್‌ನಿಂದ ಧೂಳು ತೆಗೆದು, ಅಪರೂಪಕ್ಕೆ ತಣ್ಣೀರಲ್ಲಿ ಕೈಯಿಂದ ಅದ್ದಿ, ಹಿಂಡದೆ ನೆರಳಲ್ಲಿ ಒಣಹಾಕಿದರೆ ಸಾಕು.

ಮುಂದಿನ ಬಟ್ಟೆಗೆ ಹತ್ತಿಯೇ ಬೇಕೆಂದರೆ ಹೊಲಿಸುವ ಮೊದಲು ಒಮ್ಮೆ ನೀರಿಗೆ ಹಾಕಿ. ನೂರಕ್ಕೆ ಐದು ಪಾಲು ಕುಗ್ಗಿದರೂ ಏಳಡಿ ಪರದೆ ನಾಲ್ಕು ಇಂಚು ಮೇಲೇರಿ ನಿಲ್ಲುತ್ತದೆ. ಪಶ್ಚಿಮದ ಬಿಸಿಲಿಗೆ ಹತ್ತಿಯ ಬಣ್ಣವೂ ಬೇಗ ಮಾಸುತ್ತದೆ. ಪಾಲಿಯೆಸ್ಟರ್ ಕುಗ್ಗದು, ಬೇಗ ಒಣಗುತ್ತದೆ. ಈ ಕಿಟಕಿಗೆ ನನ್ನ ಮತ ಅದಕ್ಕೇ. ರೇಷ್ಮೆಯ ಥಾನನ್ನು ನೋಡಿ ಮೆಚ್ಚಿ, ಅಲ್ಲೇ ಬಿಡಿ. ಬಿಸಿಲು ಅದರ ಎಳೆಯನ್ನೇ ತಿನ್ನುತ್ತದೆ.

ದರ್ಜಿ ಲೆಕ್ಕ ಹಾಕುತ್ತಾರೆ. ಕಿಟಕಿ ಐದಡಿ ಅಗಲ, ರಾಡು ಎರಡೂ ಕಡೆ ಅರ್ಧರ್ಧ ಅಡಿ ಹೆಚ್ಚು, ಆರಡಿ. ನಿರಿಗೆಗೆ ಅದರ ಎರಡರಷ್ಟು, ಹನ್ನೆರಡಡಿ. ಬಟ್ಟೆಯ ಪನ್ನ 48 ಇಂಚು, ಅಂದರೆ ಮೂರು ತುಂಡು. ಉದ್ದ ಏಳಡಿ, ಮಡಚಲು ಒಂದಡಿ. ಮುಂದಿನ ಬಟ್ಟೆಗೆ ಒಟ್ಟು ಏಳೂವರೆ ಮೀಟರ್. ಪಕ್ಕದ ಆ ಅರ್ಧ ಅಡಿಗೆ ಜಿಪುಣತನ ಮಾಡಬೇಡಿ, ಬೆಳಕು ನುಸುಳುವುದು ಅಂಚಿನಿಂದಲೇ. ಚೌಕಟ್ಟಿನೊಳಗೆ ಕೂರುವ ರೋಲರ್ ಬ್ಲೈಂಡಿನ ತೊಂದರೆಯೂ ಇದೇ: ಬಟ್ಟೆ ಎಷ್ಟೇ ದಪ್ಪವಿರಲಿ, ಎರಡೂ ಬದಿಯಲ್ಲಿ ಬೆಳಕಿನ ಗೆರೆ. ಬ್ಲೈಂಡನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು, ಬಕೆಟ್ಟಿಗೆ ಹಾಕುವಂತಿಲ್ಲ.

ಹಣ ಕೊಡುವ ಮುನ್ನ ಬಿದಿರು ಚಿಕ್ ಮಾರುವವರಲ್ಲಿಗೂ ಹೋಗಿ ಬನ್ನಿ. ಕಿಟಕಿಯ ಹೊರಗೆ, ಸಜ್ಜಾದ ಅಂಚಿನಿಂದ ಇಳಿಬಿಟ್ಟ ಚಿಕ್ಕು ಬಿಸಿಲನ್ನು ಗಾಜು ಮುಟ್ಟುವ ಮೊದಲೇ ಹಿಡಿಯುತ್ತದೆ. ಕಾದರೂ ಅದರ ಬಿಸಿ ಹೊರಗಿನ ಗಾಳಿಗೆ ಹೋಗುತ್ತದೆ, ನಡುವಿನ ಸಂದಿನಲ್ಲಿ ಗಾಳಿಯೂ ಆಡುತ್ತದೆ. ಒಳಗಿನ ಯಾವ ಪರದೆಯೂ ಇಷ್ಟು ಮಾಡಲಾರದು. ಮಳೆಗಾಲಕ್ಕೆ ಸುತ್ತಿ ಒಳಗಿಡಬೇಕು, ಇಲ್ಲದಿದ್ದರೆ ಬೂಷ್ಟು. ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಲುವಂತಿದ್ದರೆ ಮೊದಲು ಚಿಕ್ಕು ಕಟ್ಟಿಸಿ, ಪರದೆ ಮುಂದಿನ ತಿಂಗಳು ನೋಡೋಣ.