ಕೂಗಿ ಹೇಳಬಹುದಾದ ಹೆಸರು

ಹೋಟೆಲಿಗೆ ಹೋದರೆ ನನಗೆ ಹೊಟ್ಟೆಗಿಂತ ಮೊದಲು ಕಣ್ಣಿಗೆ ಹಸಿವಾಗುತ್ತದೆ. ಟೇಬಲ್ಲಿಗೆ ನೀರು ಬರುವಷ್ಟರಲ್ಲಿ ಮೆನು ಕಾರ್ಡನ್ನು ಹಿಂದೆ ಮುಂದೆ ಓದಿಬಿಟ್ಟಿರುತ್ತೇನೆ. ಜೊತೆಗಿದ್ದವರು "ಏನು ತಗೋಳ್ತೀಯ?" ಅಂದರೆ, "ಇದನ್ನು ಬರೆದವನು ಈ ಗೊಜ್ಜನ್ನು ಒಮ್ಮೆಯೂ ತಿಂದಿಲ್ಲ ಕಣೋ" ಅನ್ನುತ್ತೇನೆ. ಈ ಚಟ ಗೊತ್ತಿರುವ ಗೆಳೆಯರು ಹೋಟೆಲು ತೆರೆಯುವಾಗ ಮೆನು ಬರೆಯುವ ಕೆಲಸವನ್ನು ನನಗೇ ಹಚ್ಚುತ್ತಾರೆ. ಸಂಭಾವನೆ, ಒಂದು ಊಟ.

ನಮ್ಮಲ್ಲಿ ಮೆನು ಕಾಗದಕ್ಕೆ ಇಳಿಯುವ ಮೊದಲು ಸಪ್ಲೈಯರ್ ಬಾಯಲ್ಲಿತ್ತು. "ಏನಿದೆ?" ಅಂದರೆ ಒಂದೇ ಉಸಿರಿಗೆ ಒಪ್ಪಿಸಬೇಕು, ಆಮೇಲೆ ಅದನ್ನೇ ಅಡುಗೆಮನೆಗೆ ಕೂಗಬೇಕು. ಖಾಲಿ ದೋಸೆ, ಚೌಚೌ ಬಾತ್, ಬೈಟು ಕಾಫಿ. ಯಾವುದರಲ್ಲೂ ಹೊಗಳಿಕೆಯಿಲ್ಲ. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿ ಸಿಗದೆ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು ಎಂಬುದು ಪ್ರಸಿದ್ಧ ಕಥೆ. ಹೆಸರು ಸೀದಾ ರವೆ ಇಡ್ಲಿ. ಕೊರತೆಯನ್ನು ಮುಚ್ಚುವ ಬಣ್ಣದ ಮಾತು ಬೇಕಾಗಲಿಲ್ಲ. ಮಿಲಿಟರಿ ಹೋಟೆಲಿನ ಬೋರ್ಡಂತೂ ಇನ್ನೂ ಖಡಕ್ಕು: ತಲೆಮಾಂಸ, ಬೋಟಿ, ಕಾಲ್ ಸೂಪ್. ಅಳುಕುವವರು ಬೇರೆ ಕಡೆ ಹೋಗಲಿ ಎಂಬ ಆ ಗತ್ತೇ ಆ ಹೋಟೆಲಿನ ಗುರುತು.

ಈಚೆಗೆ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಮಲೆನಾಡಿನ ಊಟದ ಸಣ್ಣ ಹೋಟೆಲು ತೆರೆದ. ಪ್ರಿಂಟಿಂಗ್ ಪ್ರೆಸ್‌ನವರು ತಾವೇ ಒಂದು ಕರಡು ಮಾಡಿಕೊಟ್ಟಿದ್ದರು. ಒಂದೆಲಗದ ತಂಬುಳಿ ಅದರಲ್ಲಿ 'ರುಚಿಕರ ಹೆಲ್ದಿ ಗ್ರೀನ್ ಲೀಫ್ ಕರ್ಡ್ ಡಿಲೈಟ್' ಆಗಿತ್ತು. ಅದನ್ನು ಯಾವ ಸಪ್ಲೈಯರ್ ಕೂಗಿಯಾನು? ಸ್ಟ್ಯಾನ್‌ಫರ್ಡಿನ ಭಾಷಾವಿಜ್ಞಾನಿ ಡ್ಯಾನ್ ಜುರಾಫ್‌ಸ್ಕಿ ಮತ್ತು ಜೊತೆಗಾರರು ಅಮೆರಿಕದ ಸಾವಿರಾರು ಮೆನುಗಳನ್ನು ಜಾಲಾಡಿ, 'ರುಚಿಕರ'ದಂಥ ಟೊಳ್ಳು ಮಾತುಗಳು ಕಡಿಮೆ ಬೆಲೆಯ ಹೋಟೆಲುಗಳಲ್ಲೇ ಹೆಚ್ಚು ಎಂದು ತೋರಿಸಿದ್ದಾರೆ. ದುಬಾರಿ ಜಾಗದಲ್ಲಿ ಅದನ್ನು ಹೇಳುವ ಅಗತ್ಯವೇ ಬೀಳುವುದಿಲ್ಲ. ಸ್ವಾದಿಷ್ಟ ಎಂದು ಬರೆದ ಕೂಡಲೇ, ಇಲ್ಲದಿದ್ದರೆ ನೀವು ನಂಬುವುದಿಲ್ಲವೇನೋ ಎಂಬ ದಿಗಿಲು ಹೊರಬೀಳುತ್ತದೆ.

ನಾನು ಅಡುಗೆಮನೆಯಲ್ಲಿ ನಿಂತು ತಂಬುಳಿ ಮಾಡುವುದನ್ನು ನೋಡಿದೆ. ಎಲೆಯನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಕಲಸುತ್ತಾರೆ. ಅಲ್ಲಿಗೆ ಮುಗಿಯಿತು, ಮತ್ತೆ ಒಲೆಗಿಡುವುದಿಲ್ಲ. ಗೊತ್ತಿಲ್ಲದವರು ಬಿಸಿ ಸಾರು ಬರುತ್ತದೆಂದು ಕಾದು, ತಣ್ಣಗಿದ್ದದ್ದಕ್ಕೆ ವಾಪಸು ಕಳಿಸುವ ಅಪಾಯ ಇರುವುದು ಇಲ್ಲೇ. ಹಾಗಾಗಿ ಹೆಸರು 'ಒಂದೆಲಗದ ತಂಬುಳಿ' ಎಂದಷ್ಟೇ ಇಟ್ಟು, ಕೆಳಗೆ ಸಣ್ಣಕ್ಷರದಲ್ಲಿ ಬರೆದೆ: 'ತುಪ್ಪದಲ್ಲಿ ಬಾಡಿಸಿದ ಎಲೆ, ಕಾಯಿ, ಮಜ್ಜಿಗೆ. ತಣ್ಣಗೇ ಬಡಿಸುತ್ತೇವೆ.' ತಿನ್ನುವವರು ಊಹಿಸಲಾರದ್ದನ್ನು ಹೇಳುವುದಷ್ಟೇ ಆ ಸಾಲಿನ ಕೆಲಸ. ಅನ್ನ, ಹಪ್ಪಳಕ್ಕೆ ಅಂಥ ಸಾಲೇ ಬೇಡ. ಎಲ್ಲದಕ್ಕೂ ವಿವರಣೆ ಬರೆದರೆ ಯಾವುದನ್ನೂ ಯಾರೂ ಓದುವುದಿಲ್ಲ.

ಅಪ್ಪೆಹುಳಿ ಮಾತ್ರ ತಲೆ ತಿಂದಿತು. ಹಸಿ ಮಾವಿನಕಾಯಿ ಇರುವ ತಿಂಗಳುಗಳಲ್ಲಿ ಸರಿ, ಉಳಿದ ಕಾಲಕ್ಕೆ? ಉಪ್ಪಿನಲ್ಲಿಟ್ಟ ಮಿಡಿ ಮುಗಿದ ದಿನ ನಿಂಬೆಹುಳಿ ಹಿಂಡಿ ಅದೇ ಹೆಸರಲ್ಲಿ ಬಡಿಸಿದರೆ ಶಿರಸಿ, ಸಾಗರದ ಕಡೆಯವರು ಒಂದೇ ಗುಟುಕಿಗೆ ಹಿಡಿಯುತ್ತಾರೆ. ಮತ್ತೆ ಕಾರ್ಡಿನ ಉಳಿದ ಹೆಸರುಗಳ ಮೇಲೂ ಅನುಮಾನ. ಕೊನೆಗೆ ಕಾರ್ಡಿನಲ್ಲಿ 'ಇವತ್ತಿನ ಹುಳಿ' ಎಂದು ಅಚ್ಚು ಹಾಕಿಸಿ, ಯಾವುದೆಂದು ಬಾಗಿಲ ಪಕ್ಕದ ಹಲಗೆಯಲ್ಲಿ ಸೀಮೆಸುಣ್ಣದಲ್ಲಿ ಬರೆಯುವುದೆಂದಾಯಿತು. 'ಅಜ್ಜಿ ಕೈರುಚಿ' ಎಂಬುದನ್ನೂ ಹೊಡೆದುಹಾಕಿದೆ. ಒಳಗೆ ಅಡುಗೆ ಮಾಡುವವನು ಮೀಸೆ ಚಿಗುರುತ್ತಿರುವ ಹುಡುಗ.

ಕಾರ್ಡು ಬಂದ ಮೇಲೆ ಮೂಲೆಯ ಟೇಬಲ್ಲಿನಲ್ಲಿ ಕೂತು ಗಿರಾಕಿಗಳ ಬಾಯಿ ನೋಡುತ್ತಿದ್ದೆ. ಹೆಸರು ಹೇಳುವ ಬದಲು ಬೆರಳಿಟ್ಟು "ಇದು ಒಂದು" ಅಂದರೆ ಆ ಹೆಸರು ನಾಲಿಗೆಗೆ ಹತ್ತಿಲ್ಲ ಎಂದರ್ಥ. ಸಪ್ಲೈಯರ್ ಅದನ್ನು ತುಂಡರಿಸಿ ಕೂಗಿದರೆ ಆ ತುಂಡೇ ನಿಜವಾದ ಹೆಸರು. ಮುಂದಿನ ಅಚ್ಚಿಗೆ ಅದನ್ನೇ ತೆಗೆದುಕೊಳ್ಳುತ್ತೇನೆ. ನನ್ನ 'ಹಲಸಿನೆಲೆಯ ಕೊಟ್ಟೆಕಡುಬು' ಎರಡೇ ದಿನಕ್ಕೆ 'ಕೊಟ್ಟೆ' ಆಯಿತು. "ಅಣ್ಣಾ, ಎರಡು ಕೊಟ್ಟೆ!" ಎಂದು ಕೂಗಿದರೆ ಪಕ್ಕದ ಟೇಬಲ್ಲಿನವರೂ ತಿರುಗಿ ನೋಡುತ್ತಾರೆ.

ಕಾಫಿಯ ವಿಷಯದಲ್ಲಿ ಗೆಳೆಯ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ಬರೀ ಕಾಫಿ ಅಂತ ಬರೆದರೆ ಹೆಂಗೆ ಮಾರಾಯ, ಸ್ಪೆಷಲ್ ಅಂತಾದ್ರೂ ಹಾಕು" ಎಂದ. ಹಾಕಿದೆ. ಈಗ ಎಲ್ಲರೂ, ಹಾಗಿದ್ದರೆ ಮಾಮೂಲಿ ಕಾಫಿ ಎಷ್ಟು ಎಂದು ಕೇಳುತ್ತಿದ್ದಾರಂತೆ.